ಕೆಟ್ಟ ರಸ್ತೆಯ ಬಗ್ಗೆ ನಗರಸಭೆಗೆ ದೂರು: ವಾಪಸ್ ಬಾರದ ಹಾಗೆ ಬರೆಯುವುದು ಹೇಗೆ?

ರಸ್ತೆ ಗುಂಡಿಯ ಬಗ್ಗೆ ನಗರಸಭೆಯನ್ನು ಟ್ಯಾಗ್ ಮಾಡಿ ಬರೆಯುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಅದರಲ್ಲಿ ಜಾಸ್ತಿ ಬರಹಗಳು ಹೀಗಿರುತ್ತವೆ: "ನಮ್ಮ ಏರಿಯಾದ ರಸ್ತೆ ನೋಡಿ, ಎಷ್ಟು ಸಲ ಹೇಳಿದರೂ ಯಾರೂ ಕೇಳಲ್ಲ, ತೆರಿಗೆ ಮಾತ್ರ ಬೇಕು ಇವರಿಗೆ." ಜೊತೆಗೆ ನೀರು ನಿಂತ ಗುಂಡಿಯ ಒಂದು ಫೋಟೋ. ಕೋಪ ನ್ಯಾಯವಾದದ್ದೇ. ಆದರೆ ಯಾವ ಏರಿಯಾ, ಯಾವ ರಸ್ತೆ, ಯಾವತ್ತಿನ ಫೋಟೋ? ಒಂದೂ ಇಲ್ಲ. ಈ ದೂರು ಮುಂದಕ್ಕೆ ಹೋಗುವುದಿಲ್ಲ.

ನಿಮ್ಮ ದೂರನ್ನು ಕೊನೆಗೆ ಯಾರು ಓದುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಪೌರಾಯುಕ್ತರು ಓದುವುದು ಅಪರೂಪ. ಖಾತೆ ನೋಡಿಕೊಳ್ಳುವ ಸಿಬ್ಬಂದಿ ಅದನ್ನು ಇಂಜಿನಿಯರಿಂಗ್ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿಂದ ಅದು ಆ ವಾರ್ಡಿನ ಜೂನಿಯರ್ ಇಂಜಿನಿಯರ್ ಮೊಬೈಲಿಗೆ ಬರುತ್ತದೆ. ಅವರ ಕೈಯಲ್ಲಿ ಹಲವು ವಾರ್ಡುಗಳಿರುತ್ತವೆ. ಯಾರಿಗೂ ಫೋನ್ ಮಾಡದೆ ಅವರು ಆ ಗುಂಡಿಯ ಹತ್ತಿರ ಬೈಕ್ ನಿಲ್ಲಿಸುವಂತಿರಬೇಕು. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದು ದೂರು ಮುಚ್ಚುವುದಕ್ಕೂ ಅವಕಾಶ ಇರಬಾರದು. ಕೆಳಗಿನ ಹಂತಗಳೆಲ್ಲ ಈ ಎರಡಕ್ಕಾಗಿಯೇ.

ಹಂತ 1: ರಸ್ತೆ ಯಾರದ್ದು?

ಊರೊಳಗಿರುವ ರಸ್ತೆಗಳೆಲ್ಲ ನಗರಸಭೆಯವಲ್ಲ. ಊರ ನಡುವೆ ಹಾದುಹೋಗುವ ಮುಖ್ಯರಸ್ತೆ ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ಮುಖ್ಯರಸ್ತೆಯಾಗಿದ್ದರೆ ಅದನ್ನು ಸಾಮಾನ್ಯವಾಗಿ ನೋಡಿಕೊಳ್ಳುವುದು ಲೋಕೋಪಯೋಗಿ ಇಲಾಖೆ. ರಾಷ್ಟ್ರೀಯ ಹೆದ್ದಾರಿಗೆ ಬೇರೆ ವ್ಯವಸ್ಥೆ ಇದೆ, 1033 ಅದರ ಸಹಾಯವಾಣಿ. ಪಕ್ಕದಲ್ಲಿ ಕಿಲೋಮೀಟರ್ ಕಲ್ಲು ಇದ್ದರೆ ಅದರ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಊರೊಳಗೆ ಈ ಕಲ್ಲುಗಳು ಎಷ್ಟೋ ಕಡೆ ಅಂಗಡಿ ಮೆಟ್ಟಿಲ ಕೆಳಗೆ ಹೂತುಹೋಗಿರುತ್ತವೆ. ಆಗ ಊರ ಹೊರಗೆ ಅದೇ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ನೋಡಿದರೆ ಸಿಗುತ್ತದೆ.

ಹೊಸ ಬಡಾವಣೆಯಲ್ಲಿ ಇನ್ನೊಂದು ತೊಡಕಿದೆ. ಖಾಸಗಿಯವರು ಮಾಡಿದ ಲೇಔಟ್ ಇನ್ನೂ ನಗರಸಭೆಗೆ ಹಸ್ತಾಂತರ ಆಗಿಲ್ಲದಿದ್ದರೆ "ನಾವು ಅಲ್ಲಿ ಹಣ ಹಾಕುವಂತಿಲ್ಲ" ಅನ್ನುತ್ತಾರೆ. ನೀವು ಮನೆಗಂದಾಯ ಕಟ್ಟುತ್ತಿದ್ದೀರಿ ಅನ್ನುವುದರಿಂದ ಮಾತ್ರ ಇದು ತೀರ್ಮಾನ ಆಗುವುದಿಲ್ಲ. ಲೇಔಟ್ ಹಸ್ತಾಂತರ ಆಗಿದೆಯಾ ಅಂತ ಕಚೇರಿಯಲ್ಲಿ ಒಮ್ಮೆ ಕೇಳಿ. ಆಗಿದ್ದರೆ ದೂರಿನಲ್ಲೇ ಒಂದು ಮಾತು ಸೇರಿಸಿ. ಆಗದಿದ್ದರೆ ಗುಂಡಿಯ ದೂರಿಗಿಂತ ಮೊದಲು ಹಸ್ತಾಂತರದ ಪ್ರಶ್ನೆ ಎತ್ತಬೇಕು.

ಬೆಂಗಳೂರಿನವರಿಗೆ ಒಂದು ಮಾತು. ಬಿಬಿಎಂಪಿ ಈಗ ಇಲ್ಲ. ಸೆಪ್ಟೆಂಬರ್ 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಿವೆ. ಹಳೇ ಹೆಸರಿಗೆ ಟ್ಯಾಗ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರುತ್ತದೆ ಎಂದು ನೋಡಿಕೊಂಡು ಬರೆಯಿರಿ.

ಹಂತ 2: ಸ್ಥಳಕ್ಕೆ ಹೋಗಿ ಅಳೆಯಿರಿ

"ದೊಡ್ಡ ಗುಂಡಿ" ಅಂದರೆ ಇಂಜಿನಿಯರಿಗೆ ಏನೂ ತಿಳಿಯುವುದಿಲ್ಲ. ಒಂದು ಟೇಪು, ಒಂದು ನೇರವಾದ ಕೋಲು ಇದ್ದರೆ ಸಾಕು. ಗುಂಡಿಯ ಅತಿ ಉದ್ದ, ಅತಿ ಅಗಲ ಅಳೆಯಿರಿ. ಆಳಕ್ಕೆ ಕೋಲನ್ನು ಗುಂಡಿಯ ಮೇಲೆ ಅಡ್ಡ ಇಡಿ. ಅದರ ಎರಡೂ ತುದಿ ಚೆನ್ನಾಗಿರುವ ಡಾಂಬರಿನ ಮೇಲೆ ಕೂರಬೇಕು. ಕೋಲಿನ ಕೆಳಗಿನ ಅಂಚಿನಿಂದ ಗುಂಡಿಯ ತಳಕ್ಕೆ ಟೇಪು ಇಳಿಸಿ. ನೀರು ತುಂಬಿದ್ದರೆ ಇನ್ನೊಂದು ಕಡ್ಡಿಯನ್ನು ನೇರವಾಗಿ ತಳಕ್ಕೆ ಮುಟ್ಟಿಸಿ, ಅಡ್ಡಕೋಲು ತಾಗುವ ಕಡೆ ಬೆರಳಿಟ್ಟು ಹಿಡಿದು, ಹೊರತೆಗೆದು ಅಳೆಯಿರಿ. ಬೆಳಗ್ಗೆ ಬೇಗ ಹೋಗಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ವಾಹನ ಓಡಾಡುವಾಗ ಒಬ್ಬರೇ ಬಗ್ಗಿ ಅಳೆಯಲು ಹೋಗಬೇಡಿ.

ಅಳತೆ ಯಾಕೆ ಬೇಕು? ಒಂದು ಲೆಕ್ಕ ನೋಡಿ. 2 ಮೀಟರ್ ಉದ್ದ, 1.5 ಮೀಟರ್ ಅಗಲ, ಸರಾಸರಿ 10 ಸೆಂ.ಮೀ. ಆಳದ ಗುಂಡಿ ತುಂಬಲು 0.3 ಘನ ಮೀಟರ್ ಸಾಮಾನು ಬೇಕು. ಹಾಟ್ ಮಿಕ್ಸ್ ಡಾಂಬರು ಹಾಕಿ ಗಟ್ಟಿ ಮಾಡಿದರೆ ಅದು ಸುಮಾರು 700 ಕಿಲೋ. ಡಾಂಬರು ಮಿಶ್ರಣವನ್ನು ಪ್ಲಾಂಟ್‌ನಿಂದ ಬಿಸಿಬಿಸಿಯಾಗಿ ತಂದು ಆರುವ ಮೊದಲೇ ಹಾಸಬೇಕು, ಅದೂ ಲಾರಿ ಲೆಕ್ಕದಲ್ಲಿ ಬರುತ್ತದೆ. 700 ಕಿಲೋಗೆ ಅಂತ ಯಾರೂ ಲಾರಿ ಕಳಿಸುವುದಿಲ್ಲ. ಒಂಟಿ ಗುಂಡಿಯ ದೂರು ಎಷ್ಟೋ ಸಲ ಹಾಗೇ ಕೂರುವುದಕ್ಕೆ ಇದೂ ಒಂದು ಕಾರಣ. ಅದೇ ರಸ್ತೆಯಲ್ಲಿ ಇನ್ನೂ ಎಂಟು ಗುಂಡಿ ಇದ್ದರೆ ಎಲ್ಲವನ್ನೂ ಒಂದೇ ದೂರಿನಲ್ಲಿ ಹೇಳಿ. "ಈ ತಿರುವಿನಿಂದ ಆ ಗೇಟಿನವರೆಗೆ 60 ಮೀಟರ್, ಒಟ್ಟು 9 ಗುಂಡಿ" ಅಂದರೆ ಅದು ಒಂದು ಕೆಲಸದಷ್ಟಾಗುತ್ತದೆ. ದೊಡ್ಡದೊಂದರ ಅಳತೆ ಕೊಟ್ಟರೆ ಸಾಕು, ಒಂಬತ್ತನ್ನೂ ಅಳೆಯಬೇಕಿಲ್ಲ.

ಹಂತ 3: ಗುಂಡಿ ಯಾವ ತರಹದ್ದು ನೋಡಿ

ನನಗೆ ಕೇಳಿದರೆ ಇದೇ ಮುಖ್ಯ ಹಂತ, ಜನ ಬಿಟ್ಟುಬಿಡುವುದೂ ಇದನ್ನೇ.

ಬಾಣಲೆಯ ಆಕಾರದ ಗುಂಡಿ, ಸುತ್ತ ಕಿತ್ತುಬಂದ ಜಲ್ಲಿ ಚೆಲ್ಲಿದ್ದರೆ, ಮೇಲಿನ ಡಾಂಬರಿನ ಪದರ ನೀರು ಕುಡಿದು ಸಡಿಲವಾಗಿದೆ. ಇದು ರಸ್ತೆ ವಿಭಾಗದ ಕೆಲಸ. ರಸ್ತೆಯನ್ನು ಅಡ್ಡವಾಗಿಯೋ ಉದ್ದಕ್ಕೋ ಗೆರೆ ಎಳೆದ ಹಾಗೆ ಸೀಳಿ, ಮಣ್ಣು ಕುಸಿದಿದ್ದರೆ ಅದು ಯಾರೋ ಅಗೆದು ಸರಿಯಾಗಿ ಮುಚ್ಚದ ಕಾಲುವೆ. ನೀರಿನ ಪೈಪ್, ಒಳಚರಂಡಿ, ಗ್ಯಾಸ್, ಕೇಬಲ್ ಯಾವುದಾದರೂ ಇರಬಹುದು. ಅಗೆದವರಿಂದಲೇ ಸರಿಪಡಿಸಬೇಕು ಎಂದು ಕಚೇರಿ ಹೇಳುತ್ತದೆ. ಹಾಗಾಗಿ ಯಾವಾಗ ಅಗೆದರು, ಅಲ್ಲಿ ಏನು ಬೋರ್ಡ್ ಇತ್ತು ಎಂಬುದು ನೆನಪಿದ್ದರೆ ಬರೆಯಿರಿ. ಮ್ಯಾನ್‌ಹೋಲ್ ಮುಚ್ಚಳದ ಸುತ್ತ ಮಾತ್ರ ಕುಸಿದಿದ್ದರೆ ಒಳಚರಂಡಿಯವರೂ ಬಂದು ನೋಡಬೇಕು.

ಕೊನೆಯದು ಸುಲಭವಾಗಿ ಕಣ್ಣಿಗೆ ಬೀಳದ್ದು. ಮಳೆ ಇಲ್ಲದೆ ನಾಲ್ಕು ದಿನ ಬಿಸಿಲು ಬಿದ್ದಿದ್ದರೂ ಗುಂಡಿ ಒದ್ದೆಯಾಗಿಯೇ ಇದೆಯಾ? ನಲ್ಲಿ ನೀರು ಬಿಡುವ ದಿನ ಮಾತ್ರ ನೀರು ಉಕ್ಕುತ್ತದೆಯಾ? ಹಾಗಿದ್ದರೆ ಕೆಳಗೆ ಪೈಪು ಸೋರುತ್ತಿರುವ ಸಾಧ್ಯತೆ ಜಾಸ್ತಿ. ಅದನ್ನು ಸರಿಮಾಡದೆ ಮೇಲೆ ಎಷ್ಟು ಡಾಂಬರು ಹಾಕಿದರೂ ಮತ್ತೆ ಕಿತ್ತುಬರುತ್ತದೆ. ದೂರಿನಲ್ಲಿ "ನೀರು ಬಿಡುವ ದಿನ ಇಲ್ಲಿ ನೀರು ಉಕ್ಕುತ್ತದೆ" ಎಂದು ಬರೆದರೆ ಮೊದಲು ನೀರು ಸರಬರಾಜಿನವರು ಬರುತ್ತಾರೆ. ಅದೇ ಸರಿಯಾದ ಕ್ರಮ ಕೂಡ.

ಇಲ್ಲೊಂದು ಎಚ್ಚರ. ಕಂಡದ್ದನ್ನು ಮಾತ್ರ ಬರೆಯಿರಿ. "ಕಳಪೆ ಕಾಮಗಾರಿ", "ಕಮಿಷನ್ ಹೊಡೆದಿದ್ದಾರೆ" ಎಂಬುದು ನಿಮ್ಮ ಊಹೆ. ಅದು ನಿಜವೇ ಇರಬಹುದು, ಆದರೆ ಕೈಯಲ್ಲಿ ದಾಖಲೆ ಇಲ್ಲ ಅಲ್ವಾ? ಗುತ್ತಿಗೆದಾರರ ಹೆಸರು ಹಾಕಿ ಹೀಗೆ ಬರೆದರೆ ಮಾನನಷ್ಟದ ಮಾತು ಬರುತ್ತದೆ, ಗುಂಡಿಯ ಮಾತು ಹಿಂದೆ ಸರಿಯುತ್ತದೆ. "ಮಾರ್ಚ್‌ನಲ್ಲಿ ಡಾಂಬರು ಹಾಕಿದ್ದರು, ಜುಲೈನಲ್ಲಿ ಕಿತ್ತುಬಂದಿದೆ" ಎಂದು ಎರಡು ತಿಂಗಳ ಹೆಸರು ಬರೆದರೆ ಸಾಕು. ಓದುವವರಿಗೆ ಎಲ್ಲ ತಿಳಿಯುತ್ತದೆ.

ಹಂತ 4: ಫೋಟೋ

ಮೂರು ಫೋಟೋ ಬೇಕು. ಒಂದು ದೂರದಿಂದ: ಗುಂಡಿಯ ಜೊತೆಗೆ ಜಾಗ ಗುರುತಿಸುವಂಥದ್ದೇನಾದರೂ ಅದೇ ಚೌಕಟ್ಟಿನಲ್ಲಿ ಬರಬೇಕು. ಅಂಗಡಿ ಬೋರ್ಡು, ಗುಡಿಯ ಕಮಾನು, ಶಾಲೆ ಗೇಟು ಯಾವುದಾದರೂ ಸರಿ. ನಂಬರ್ ಬರೆದ ಕರೆಂಟ್ ಕಂಬ ಇದ್ದರೆ ಬಹಳ ಒಳ್ಳೆಯದು, ಅಂಗಡಿ ಬದಲಾದರೂ ಕಂಬ ಬದಲಾಗುವುದಿಲ್ಲ. ಎರಡನೆಯದು ಹತ್ತಿರದಿಂದ, ಅಡ್ಡಕೋಲು ಮತ್ತು ಟೇಪು ಕಾಣುವ ಹಾಗೆ. ಮೂರನೆಯದು ಇಡೀ ರಸ್ತೆ ಉದ್ದಕ್ಕೆ.

ದಾರಿಹೋಕರ ಮುಖ, ಶಾಲಾ ಮಕ್ಕಳು, ಗಾಡಿ ನಂಬರ್ ಬರದ ಹಾಗೆ ತೆಗೆಯಿರಿ. ಯಾರಾದರೂ ಬಿದ್ದು ಗಾಯ ಮಾಡಿಕೊಂಡ ಫೋಟೋ ಹಾಕುವ ಆಸೆ ಆಗುತ್ತದೆ. ಅವರನ್ನು ಕೇಳದೆ ಹಾಕಬೇಡಿ.

ಫೋನಿನ ಫೋಟೋದೊಳಗೆ ಜಾಗದ ಮಾಹಿತಿ ಇರುತ್ತದೆ, ಅದೇ ಸಾಕು ಅಂದುಕೊಳ್ಳುವವರಿದ್ದಾರೆ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಗೂಗಲ್ ಮ್ಯಾಪ್ ತೆಗೆದು ಗುಂಡಿ ಇರುವ ಜಾಗವನ್ನು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ದಶಮಾಂಶ ಬಿಂದುವಿನ ನಂತರ ಐದು ಅಂಕಿ ಬರೆದರೆ ಅದು ಸುಮಾರು ಒಂದು ಮೀಟರ್‌ನಷ್ಟು ನಿಖರ.

ಹಂತ 5: ಮೊದಲು ದೂರು ಸಂಖ್ಯೆ, ಆಮೇಲೆ ಟ್ಯಾಗ್

ಟ್ಯಾಗ್ ಮಾಡಿದ ಮಾತ್ರಕ್ಕೆ ದೂರು ದಾಖಲಾದ ಹಾಗಲ್ಲ. ಸಂಖ್ಯೆ ಸಿಕ್ಕ ಮೇಲೆ ಅದು ದೂರು. ಬೆಂಗಳೂರಿನ ಹೊರಗಿನ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್ ಇದೆ. ಬೆಂಗಳೂರಿನಲ್ಲಿ ಸಹಾಯ ಆ್ಯಪ್, 1533 ಸಹಾಯವಾಣಿ. ಇಡೀ ರಾಜ್ಯಕ್ಕೆ ಅನ್ವಯಿಸುವ ಜನಸ್ಪಂದನದ ಸಂಖ್ಯೆ 1902. ಇವುಗಳಲ್ಲಿ ಒಂದರಲ್ಲಿ ದಾಖಲಿಸಿ, ಬಂದ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಆಮೇಲೆ ಸಾರ್ವಜನಿಕವಾಗಿ ಬರೆಯಿರಿ. ಆಗ "ದೂರು ಬಂದಿಲ್ಲ" ಅನ್ನಲಾಗುವುದಿಲ್ಲ.

ಯಾರನ್ನು ಟ್ಯಾಗ್ ಮಾಡಬೇಕು? ನಿಮ್ಮ ನಗರಸಭೆಯ ಅಧಿಕೃತ ಖಾತೆ, ಬೇಕಿದ್ದರೆ ಜಿಲ್ಲಾಧಿಕಾರಿ ಕಚೇರಿಯದ್ದು. ಅಷ್ಟೇ. ಮುಖ್ಯಮಂತ್ರಿ, ಪ್ರಧಾನಿ, ನಾಲ್ಕು ಟಿವಿ ಚಾನೆಲ್ ಎಲ್ಲರನ್ನೂ ಸೇರಿಸಿದರೆ ಇದು ತನ್ನ ಕೆಲಸ ಎಂದು ಯಾರಿಗೂ ಅನ್ನಿಸುವುದಿಲ್ಲ. ಖಾತೆ ಅಸಲಿ ಹೌದೋ ಅಲ್ಲವೋ ನೋಡಿ. ಊರಿನ ಹೆಸರಲ್ಲಿ ಅಭಿಮಾನಿಗಳು ನಡೆಸುವ ಖಾತೆಗಳೂ ಇವೆ. ನಗರಸಭೆಯ ವೆಬ್‌ಸೈಟ್‌ನಲ್ಲಿ ಕೊಟ್ಟಿರುವುದನ್ನೇ ನಂಬಿ.

ಹಂತ 6: ಬರೆಯುವುದು

ಎಕ್ಸ್‌ನಲ್ಲಿ ಹಣ ಕಟ್ಟದವರಿಗೆ 280 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಅದು ಬೇಗ ಮುಗಿಯುತ್ತದೆ, ಯಾಕೆಂದರೆ ಕೊಂಬು, ಗುಡಿಸು, ಒತ್ತು, ಸೊನ್ನೆ ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ನಮ್ಮ ಕಣ್ಣಿಗೆ "ರಸ್ತೆ" ಎರಡೇ ಅಕ್ಷರ, ಅಲ್ಲಿ ಅದು ಐದು. ಹಾಗಾಗಿ ಪೀಠಿಕೆಗೆ ಜಾಗವಿಲ್ಲ. ಜಾಗ, ಸ್ಥಿತಿ, ದಿನಾಂಕ, ಕೋರಿಕೆ, ಸಂಖ್ಯೆ. ಈ ಕ್ರಮದಲ್ಲೇ ಬರೆಯಿರಿ. ಈ ಮಾದರಿ ಆ ಮಿತಿಯೊಳಗೆ ಕೂರುತ್ತದೆ:

```
ವಾರ್ಡ್ 17, ಪ್ರೌಢಶಾಲೆ ರಸ್ತೆ, ಗಣಪತಿ ಗುಡಿ ತಿರುವಿನಿಂದ
ಶಾಲೆ ಗೇಟ್‌ವರೆಗೆ 60 ಮೀ. ರಸ್ತೆ ಕೆಟ್ಟಿದೆ. ದೊಡ್ಡ ಗುಂಡಿ
2 × 1.5 ಮೀ., ಆಳ 12 ಸೆಂ.ಮೀ. ಫೋಟೋ 14 ಜುಲೈ.
ಸದ್ಯಕ್ಕೆ ಜಲ್ಲಿ ತುಂಬಿಸಿ, ಮಳೆ ನಿಂತ ಮೇಲೆ ಡಾಂಬರು
ಹಾಕಿಸಲು ವಿನಂತಿ. ದೂರು ಸಂಖ್ಯೆ: ____ @ನಗರಸಭೆ
```

ಫೇಸ್‌ಬುಕ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಸ್ವಲ್ಪ ಉದ್ದ ಬರೆಯಬಹುದು. ಅದೇ ರಸ್ತೆಯ ದೂರು ಆಗ ಹೀಗಾಗುತ್ತದೆ:

"ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ. ವಾರ್ಡ್ 17ರ ಪ್ರೌಢಶಾಲೆ ರಸ್ತೆಯಲ್ಲಿ ಗಣಪತಿ ಗುಡಿ ತಿರುವಿನಿಂದ ಶಾಲೆ ಗೇಟಿನವರೆಗೆ ಸುಮಾರು 60 ಮೀಟರ್ ಉದ್ದಕ್ಕೆ 9 ಗುಂಡಿಗಳಿವೆ. ದೊಡ್ಡದು ಗೇಟಿನ ಎದುರಿನ ಕಂಬದ ಪಕ್ಕ, 2 ಮೀಟರ್ ಉದ್ದ, 1.5 ಮೀಟರ್ ಅಗಲ, ನಡುವೆ 12 ಸೆಂ.ಮೀ. ಆಳ. ಮಳೆ ಬಂದಾಗ ನೀರು ನಿಂತು ಆಳ ಕಾಣುವುದಿಲ್ಲ. ಬೆಳಗ್ಗೆ 9ರಿಂದ 10ರವರೆಗೆ ಮಕ್ಕಳು ಸೈಕಲ್‌ನಲ್ಲಿ ಇದೇ ದಾರಿಯಲ್ಲಿ ಬರುತ್ತಾರೆ. ಪಕ್ಕದ ಚರಂಡಿ ಕಟ್ಟಿಕೊಂಡಿರುವುದರಿಂದ ರಸ್ತೆಯ ನೀರು ಹೋಗುತ್ತಿಲ್ಲ. ದಯವಿಟ್ಟು ಈಗ ಚರಂಡಿ ತೆಗೆಸಿ, ಗುಂಡಿಗಳಿಗೆ ಜಲ್ಲಿ ತುಂಬಿಸಿ. ಮಳೆಗಾಲ ಮುಗಿದ ಮೇಲೆ ಡಾಂಬರು ಹಾಕಿಸಬೇಕೆಂದು ಕೋರುತ್ತೇವೆ. ಸ್ಥಳ ಪರಿಶೀಲನೆಯ ದಿನ ತಿಳಿಸಿದರೆ ನಾವು ಅಲ್ಲಿರುತ್ತೇವೆ. ಜನಹಿತ ದೂರು ಸಂಖ್ಯೆ: ____."

ಪುರಸಭೆ, ಪಟ್ಟಣ ಪಂಚಾಯಿತಿ ಆದರೆ ಪೌರಾಯುಕ್ತರ ಬದಲು ಮುಖ್ಯಾಧಿಕಾರಿ ಎಂದಿರಲಿ.

ಇದರಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ಕೋರಿಕೆಯನ್ನು ಎರಡು ಭಾಗ ಮಾಡಿದ್ದು. ಜಡಿಮಳೆಯಲ್ಲಿ ಒದ್ದೆ ನೆಲಕ್ಕೆ ಡಾಂಬರು ಹಿಡಿಯುವುದಿಲ್ಲ. ಜುಲೈನಲ್ಲಿ "ಕೂಡಲೇ ಡಾಂಬರು ಹಾಕಿ" ಅಂದರೆ "ಮಳೆ ನಿಂತ ಮೇಲೆ ನೋಡೋಣ" ಅನ್ನುವ ಉತ್ತರವನ್ನು ನೀವೇ ಅವರ ಕೈಗೆ ಕೊಟ್ಟ ಹಾಗೆ. ಈಗಲೇ ಆಗುವಂಥದ್ದನ್ನು ಈಗ ಕೇಳಿ. ಎರಡನೆಯದು ಚರಂಡಿ. ನೀರು ಹರಿದುಹೋಗಲು ದಾರಿ ಇಲ್ಲದ ರಸ್ತೆ ಉಳಿಯುವುದಿಲ್ಲ, ಇಂಜಿನಿಯರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅದನ್ನು ನೀವೂ ನೋಡಿದ್ದೀರಿ ಅಂತ ಗೊತ್ತಾದರೆ ದೂರಿನ ತೂಕವೇ ಬೇರೆ.

ಇನ್ನು ಮರ್ಯಾದೆಯ ವಿಷಯ. ವಿನಯ ಅಂದರೆ ಬೇಡಿಕೊಳ್ಳುವುದಲ್ಲ. "ತಮ್ಮ ಪಾದಕ್ಕೆ ನಮಸ್ಕರಿಸಿ" ಅನ್ನುವ ಶೈಲಿ ಬೇಡ. ನಮಸ್ಕಾರ, ದಯವಿಟ್ಟು, ವಿನಂತಿ ಇಷ್ಟು ಸಾಕು. "ನಿದ್ದೆ ಮಾಡ್ತಿದ್ದೀರಾ?" ಅನ್ನುವ ಪ್ರಶ್ನೆಗಳನ್ನು ತೆಗೆಯಿರಿ. ನಿಮ್ಮ ಬರಹದ ಕೆಳಗೆ ಬೇರೆಯವರು ಬೈಯಲು ಶುರುಮಾಡಿದರೆ ಸೇರಿಕೊಳ್ಳಬೇಡಿ. ಅವರಿಗೆ "ನಿಮ್ಮ ಬೀದಿಯ ಅಳತೆ, ಫೋಟೋ ಇದ್ದರೆ ಹಾಕಿ" ಅನ್ನಿ. ಕೆಲವರು ನಿಜಕ್ಕೂ ಹಾಕುತ್ತಾರೆ.

ಹಂತ 7: ಉತ್ತರ ಬಂದ ಮೇಲೆ, ಬಾರದಿದ್ದರೆ

"ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಎಂಬ ಉತ್ತರ ಬಂದರೆ ಧನ್ಯವಾದ ಹೇಳಿ, ಒಂದೇ ಪ್ರಶ್ನೆ ಕೇಳಿ: ಯಾವ ಇಂಜಿನಿಯರ್, ಯಾವಾಗ ಸ್ಥಳ ನೋಡುತ್ತಾರೆ? ವಾರ ಬಿಟ್ಟು ಅದೇ ಬರಹದ ಕೆಳಗೆ ಹೊಸ ಫೋಟೋ ಹಾಕಿ. ಪ್ರತಿ ಸಲ ಹೊಸದಾಗಿ ಬರೆದರೆ ಹಳೆಯದರ ಕಾಲಕ್ರಮ ಕಳೆದುಹೋಗುತ್ತದೆ. ಒಂದರ ಕೆಳಗೊಂದು ಇದ್ದರೆ ಓದುವವರಿಗೆ ಇಡೀ ಕತೆ ಒಂದೇ ಕಡೆ ಸಿಗುತ್ತದೆ.

ಏನೂ ಆಗದೆ ಆ್ಯಪ್‌ನಲ್ಲಿ "ಪರಿಹರಿಸಲಾಗಿದೆ" ಅಂತ ಬಂದರೆ? ಇದು ಎಲ್ಲ ಊರಲ್ಲೂ ಆಗುವಂಥದ್ದು. ಮೊದಲ ಫೋಟೋ ತೆಗೆದ ಜಾಗದಲ್ಲೇ ನಿಂತು ಅದೇ ಕೋನದಲ್ಲಿ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು, ದಿನಾಂಕ ಬರೆದು, "ದೂರು ಮುಕ್ತಾಯ ಎಂದು ತೋರಿಸುತ್ತಿದೆ, ಸ್ಥಳದ ಇಂದಿನ ಸ್ಥಿತಿ ಹೀಗಿದೆ, ದಯವಿಟ್ಟು ಮರುಪರಿಶೀಲಿಸಿ" ಅನ್ನಿ. ಸುಳ್ಳು ಎಂಬ ಮಾತು ಎಲ್ಲೂ ಬೇಕಿಲ್ಲ, ಫೋಟೋ ಅದನ್ನು ಹೇಳುತ್ತದೆ.

ಇಷ್ಟಾದರೂ ಅಲುಗಾಡದಿದ್ದರೆ ಕಾಗದಕ್ಕೆ ಬನ್ನಿ. ಇದೇ ದೂರನ್ನು ಪ್ರಿಂಟ್ ತೆಗೆದು, ಹತ್ತು ಮನೆಯವರ ಸಹಿ ಹಾಕಿಸಿ, ನಗರಸಭೆಯ ಟಪಾಲು ವಿಭಾಗದಲ್ಲಿ ಕೊಡಿ. ಎರಡನೇ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳದೆ ಹೊರಬರಬೇಡಿ. ಆ ಸ್ವೀಕೃತಿ ಪ್ರತಿಯ ಫೋಟೋವನ್ನೂ ಅದೇ ಬರಹದ ಕೆಳಗೆ ಸೇರಿಸಿ. ಸೇರಿಸುವಾಗ ಸಹಿ, ಫೋನ್ ನಂಬರ್‌ಗಳನ್ನು ಮುಚ್ಚಿಬಿಡಿ.

ಈಚೆಗೆ ಡಾಂಬರು ಕಂಡ ರಸ್ತೆಯಾದರೆ ಮಾಹಿತಿ ಹಕ್ಕಿನ ಅರ್ಜಿ ಬಹಳ ಉಪಯೋಗ. ರಸ್ತೆ ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತದೆ. ಆ ಅವಧಿಯಲ್ಲಿ ಕೆಟ್ಟರೆ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ನಗರಸಭೆ ಹೊಸದಾಗಿ ಹಣ ಹುಡುಕಬೇಕಿಲ್ಲ. ಹಾಗಾಗಿ ಮೂರು ಕೇಳಿ: ಈ ರಸ್ತೆಯ ಕೊನೆಯ ಡಾಂಬರು ಕಾಮಗಾರಿಯ ಕಾರ್ಯಾದೇಶದ ಪ್ರತಿ, ಕಾಮಗಾರಿ ಮುಗಿದ ದಿನಾಂಕ, ದೋಷ ಹೊಣೆಗಾರಿಕೆ ಅವಧಿ ಎಲ್ಲಿಯವರೆಗೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಆದ್ದರಿಂದ ಗುಂಡಿಯ ಕತೆ ಅಲ್ಲಿ ಬೇಡ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಅವಧಿ ಇನ್ನೂ ಇದೆ ಎಂದು ಉತ್ತರದಲ್ಲಿ ಬಂದರೆ ಅದರ ಪ್ರತಿ ಹಾಕಿ ಮತ್ತೆ ಟ್ಯಾಗ್ ಮಾಡಿ: "ಕಾರ್ಯಾದೇಶದ ಪ್ರಕಾರ ಹೊಣೆಗಾರಿಕೆ ಅವಧಿ ಮುಗಿದಿಲ್ಲ. ಗುತ್ತಿಗೆದಾರರಿಂದ ದುರಸ್ತಿ ಮಾಡಿಸಲು ವಿನಂತಿ." ಇದಕ್ಕೆ "ಅನುದಾನ ಇಲ್ಲ" ಎಂಬ ಉತ್ತರ ಹೊಂದುವುದಿಲ್ಲ.

ಗುಂಡಿ ಮುಚ್ಚಿದರೆ ಮುಚ್ಚಿದ ಫೋಟೋ ಹಾಕಿ ವಂದನೆ ಹೇಳಿ, ಆದರೆ ಆ ಬರಹವನ್ನು ಅಳಿಸಬೇಡಿ. ಒಂದು ಜೋರು ಮಳೆ ಬಿದ್ದ ಮೇಲೆ ಮತ್ತೆ ಹೋಗಿ ತೇಪೆಯ ಅಂಚು ನೋಡಿ. ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ, ನಡುವೆ ತಗ್ಗಾಗಿ ನೀರು ನಿಂತಿದ್ದರೆ ಮತ್ತೆ ಕೋಲು ಅಡ್ಡ ಇಟ್ಟು ಅಳೆದು, ಹಳೇ ದೂರು ಸಂಖ್ಯೆಯ ಜೊತೆಗೇ ಅಲ್ಲಿ ಬರೆಯಿರಿ.